ನಿರ್ಮಾಣ ಹಂತದ ಫ್ಲ್ಯಾಟ್: ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಬಿಲ್ಡರ್ ಬಳಿ ಪ್ರಶ್ನಿಸಬೇಕಾದ ಷರತ್ತುಗಳು

ನಿರ್ಮಾಣ ಹಂತದಲ್ಲಿರುವ ಫ್ಲ್ಯಾಟನ್ನು ಕೊಳ್ಳುವವರ ಕೈಗೆ ಬಿಲ್ಡರ್ ಕೊಡುವ ಮಾರಾಟ ಒಪ್ಪಂದದ ಕರಡು ಸಾಮಾನ್ಯವಾಗಿ ನಲವತ್ತು ಐವತ್ತು ಪುಟಗಳಷ್ಟಿರುತ್ತದೆ. ಅದನ್ನು ಓದಲು ಎರಡು ದಿನ ಬೇಕೆಂದು ಕೇಳಿದರೆ, "ಇದು ಎಲ್ಲರಿಗೂ ಕೊಡುವ ಸ್ಟ್ಯಾಂಡರ್ಡ್ ಒಪ್ಪಂದ, ಇದರಲ್ಲಿ ಏನೂ ಬದಲಾಯಿಸಲಾಗುವುದಿಲ್ಲ" ಎಂಬ ಉತ್ತರ ಮಾರಾಟ ವಿಭಾಗದಿಂದ ಬರುತ್ತದೆ. ಈ ಉತ್ತರ ಅರ್ಧ ಮಾತ್ರ ನಿಜ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಬಂದ ಮೇಲೆ ಸ್ಟ್ಯಾಂಡರ್ಡ್ ಒಪ್ಪಂದವೆಂದು ಕರೆಯಬಹುದಾದದ್ದು ಇರುವುದು ಒಂದೇ. ಅದು ಬಿಲ್ಡರ್ ಬರೆಸಿದ್ದಲ್ಲ, ಸರ್ಕಾರ ನಿಗದಿಪಡಿಸಿದ್ದು. ಕರ್ನಾಟಕದಲ್ಲಿ ಅದು 2017ರ ರೇರಾ ನಿಯಮಗಳ ಅನುಬಂಧವಾಗಿ ಪ್ರಕಟವಾಗಿದೆ. ಆದ್ದರಿಂದ ಕರಡನ್ನು ಈ ಮಾದರಿಯ ಪಕ್ಕದಲ್ಲಿಟ್ಟುಕೊಂಡು, ಎಲ್ಲೆಲ್ಲಿ ಅದು ಮಾದರಿಯಿಂದ ಸರಿದಿದೆಯೆಂದು ಗುರುತಿಸಿ, ಆ ಜಾಗಗಳ ಬಗ್ಗೆ ಮಾತ್ರ ಮಾತನಾಡುವುದೇ ಈ ಕೆಲಸದ ಸರಿಯಾದ ಕ್ರಮ. ಎಲ್ಲ ಷರತ್ತುಗಳ ಮೇಲೂ ಜಗಳವಾಡಲು ಹೋದರೆ ಯಾವುದೂ ಬದಲಾಗುವುದಿಲ್ಲ. ಮನೆ ತಡವಾದರೆ ಅಥವಾ ಕೊಳ್ಳುವವರು ನಡುವೆ ಹಿಂದೆ ಸರಿಯಬೇಕಾಗಿ ಬಂದರೆ ಹಣದ ಗತಿ ಏನಾಗುತ್ತದೆಂದು ನಿರ್ಧರಿಸುವ ನಾಲ್ಕೈದು ಷರತ್ತುಗಳನ್ನು ಮಾತ್ರ ಬಿಡದೆ ಹಿಡಿಯಬೇಕು.

ಮೊದಲ ಹೆಜ್ಜೆ: ಶೇ 10ರ ಗೆರೆ ದಾಟುವ ಮೊದಲೇ ಕರಡು ಕೈಯಲ್ಲಿರಲಿ

ರೇರಾ ಕಾಯ್ದೆಯ ಸೆಕ್ಷನ್ 13ರ ಪ್ರಕಾರ, ಲಿಖಿತ ಮಾರಾಟ ಒಪ್ಪಂದವನ್ನು ಮಾಡಿಕೊಂಡು ಅದನ್ನು ನೋಂದಣಿ ಮಾಡಿಸದೆ, ಫ್ಲ್ಯಾಟಿನ ಬೆಲೆಯ ಶೇ 10ಕ್ಕಿಂತ ಹೆಚ್ಚಿನ ಹಣವನ್ನು ಬಿಲ್ಡರ್ ಮುಂಗಡವಾಗಿಯಾಗಲಿ ಅರ್ಜಿ ಶುಲ್ಕವೆಂದಾಗಲಿ ಪಡೆಯುವಂತಿಲ್ಲ. ಕೊಳ್ಳುವವರ ಮಾತಿಗೆ ಬೆಲೆ ಇರುವುದು ಈ ಗೆರೆಯ ಈಚೆ ಇರುವಾಗಲೇ. ಶೇ 20 ಅಥವಾ 30ರಷ್ಟು ಕಟ್ಟಿದ ಮೇಲೆ ಷರತ್ತು ಬದಲಾಯಿಸಿ ಎಂದರೆ, ಬೇಡವಾದರೆ ಬುಕಿಂಗ್ ರದ್ದುಮಾಡಿ ಎನ್ನುತ್ತಾರೆ, ರದ್ದುಮಾಡಿದರೆ ಎಷ್ಟು ಹಣ ಕಡಿತವಾಗುತ್ತದೆಂಬುದನ್ನು ಬುಕಿಂಗ್ ಅರ್ಜಿಯಲ್ಲೇ ಬರೆದಿರುತ್ತಾರೆ.

ಹೀಗಾಗಿ ಬುಕಿಂಗ್ ಅರ್ಜಿಗೆ ಸಹಿ ಹಾಕುವುದಕ್ಕೂ ಮೊದಲೇ ಕರಡನ್ನು ಓದಬೇಕು. ಇದಕ್ಕಾಗಿ ಬಿಲ್ಡರ್‌ನ ಕೃಪೆ ಬೇಕಾಗಿಲ್ಲ. ರೇರಾ ಪ್ರಾಧಿಕಾರದಲ್ಲಿ ಯೋಜನೆಯನ್ನು ನೋಂದಾಯಿಸುವಾಗ ಹಂಚಿಕೆ ಪತ್ರ, ಮಾರಾಟ ಒಪ್ಪಂದ ಮತ್ತು ಕ್ರಯಪತ್ರದ ನಮೂನೆಗಳನ್ನು ಸಲ್ಲಿಸಬೇಕೆಂದು ಕಾಯ್ದೆಯ ಸೆಕ್ಷನ್ 4 ಹೇಳುತ್ತದೆ. rera.karnataka.gov.in ತಾಣದಲ್ಲಿ ಯೋಜನೆಯ ಹೆಸರು ಅಥವಾ PRM/KA/RERA ಎಂದು ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಹಾಕಿ ಹುಡುಕಿದರೆ, ಬಿಲ್ಡರ್ ಸಲ್ಲಿಸಿದ ದಾಖಲೆಗಳ ನಡುವೆ ಆ ನಮೂನೆಯನ್ನು ನೋಡಬಹುದು. ಅದರ ಜೊತೆಗೆ ಮಂಜೂರಾದ ನಕ್ಷೆ ಮತ್ತು ಯೋಜನೆ ಮುಗಿಯುವ ದಿನಾಂಕವನ್ನೂ ಇಳಿಸಿಕೊಳ್ಳಬೇಕು. ಪ್ರಾಧಿಕಾರಕ್ಕೆ ಸಲ್ಲಿಸಿದ ನಮೂನೆಯೇ ಒಂದು, ಕೊಳ್ಳುವವರ ಕೈಗೆ ಕೊಟ್ಟ ಕರಡೇ ಇನ್ನೊಂದು ಆಗಿದ್ದರೆ, ಮಾತುಕತೆಯನ್ನು ಆರಂಭಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಸಿಗದು.

ಕರ್ನಾಟಕದಲ್ಲಿ ಹಳೆಯದೊಂದು ರೂಢಿ ಇನ್ನೂ ಕೆಲವೆಡೆ ಉಳಿದಿದೆ. ಜಮೀನಿನ ಅವಿಭಾಜ್ಯ ಹಕ್ಕಿಗೆ ಒಂದು ಮಾರಾಟ ಒಪ್ಪಂದ, ಕಟ್ಟಡ ಕಟ್ಟಿಕೊಡುವುದಕ್ಕೆ ಬೇರೊಂದು ನಿರ್ಮಾಣ ಒಪ್ಪಂದ ಎಂದು ಎರಡು ದಾಖಲೆಗಳನ್ನು ಮಾಡಿಸುತ್ತಾರೆ. ಹಾಗೆ ಎರಡಿದ್ದರೆ, ವಿಳಂಬದ ಬಡ್ಡಿ ಮತ್ತು ಹಣ ಮರಳಿಸುವ ಷರತ್ತುಗಳು ಎರಡರ ಒಟ್ಟು ಮೊತ್ತಕ್ಕೆ ಅನ್ವಯಿಸುತ್ತವೆಯೋ ಅಥವಾ ನಿರ್ಮಾಣದ ಭಾಗಕ್ಕೆ ಮಾತ್ರವೋ ಎಂದು ಕೇಳಬೇಕು. ರೇರಾ ಮಾದರಿಯಂತೆ ಒಂದೇ ಒಪ್ಪಂದ ಸಾಕೆಂದು ಕೇಳುವುದು ಇನ್ನೂ ಒಳ್ಳೆಯದು. ಜಮೀನು ಬೇರೆಯವರದಾಗಿದ್ದು ಜಂಟಿ ಅಭಿವೃದ್ಧಿಯಲ್ಲಿ ಕಟ್ಟುತ್ತಿದ್ದರೆ, ಜಮೀನಿನ ಮಾಲೀಕರೂ ಒಪ್ಪಂದದ ಪಕ್ಷಕಾರರಾಗಿರಬೇಕು. ಅವರ ಪರವಾಗಿ ಬಿಲ್ಡರ್ ಸಹಿ ಮಾಡುವುದಾದರೆ ನೋಂದಾಯಿತ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಪ್ರತಿಯನ್ನು, ಮತ್ತು ನೀವು ಕೊಳ್ಳುವ ಫ್ಲ್ಯಾಟ್ ಬಿಲ್ಡರ್ ಪಾಲಿಗೆ ಬಂದದ್ದೆಂದು ತೋರಿಸುವ ಹಂಚಿಕೆ ಪತ್ರವನ್ನು ಕೇಳಿ ಪಡೆಯಬೇಕು.

ಸ್ವಾಧೀನದ ದಿನಾಂಕ: ಒಂದು ವಾಕ್ಯದೊಳಗಿನ ನಾಲ್ಕು ಸಡಿಲ ಗಂಟುಗಳು

ಇಡೀ ಒಪ್ಪಂದದಲ್ಲಿ ಹೆಚ್ಚು ಸಮಯ ಕೊಡಬೇಕಾದ ಷರತ್ತು ಇದು. ಕರಡುಗಳಲ್ಲಿ ಇದರ ಸಾರ ಸುಮಾರಾಗಿ ಹೀಗಿರುತ್ತದೆ: "ಪ್ರಾರಂಭ ಪತ್ರ ದೊರೆತ ದಿನದಿಂದ 42 ತಿಂಗಳೊಳಗೆ, ಅದರ ಮೇಲೆ ಆರು ತಿಂಗಳ ಗ್ರೇಸ್ ಅವಧಿಯೊಂದಿಗೆ, ಕೈಮೀರಿದ ಕಾರಣಗಳಿಗೆ ಒಳಪಟ್ಟು, ಖರೀದಿದಾರರು ಎಲ್ಲ ಕಂತುಗಳನ್ನು ಸಕಾಲದಲ್ಲಿ ಪಾವತಿಸಿದ್ದರೆ, ಫ್ಲ್ಯಾಟಿನ ಸ್ವಾಧೀನ ನೀಡಲು ಬಿಲ್ಡರ್ ಪ್ರಯತ್ನಿಸುತ್ತಾರೆ." ಓದುವಾಗ ಯಾವುದೂ ಅನ್ಯಾಯವೆನಿಸುವುದಿಲ್ಲ. ಆದರೆ ಇದರಲ್ಲಿ ಸಡಿಲವಾದ ಗಂಟುಗಳು ನಾಲ್ಕಿವೆ.

ಮೊದಲನೆಯದು ದಿನಾಂಕವೇ ಇಲ್ಲದಿರುವುದು. ಕಟ್ಟಡದ ಕೆಲಸ ಆರಂಭಿಸಲು ಅನುಮತಿ ಕೊಡುವ ಪ್ರಾರಂಭ ಪತ್ರ ಯಾವಾಗ ಬರುತ್ತದೆ, ಬಂದಿದೆಯೇ ಎಂಬುದು ಕೊಳ್ಳುವವರಿಗೆ ತಿಳಿದಿರುವುದಿಲ್ಲ. ವಿಳಂಬವಾದರೆ ಪರಿಹಾರ ಕೊಡಬೇಕೆನ್ನುವ ಸೆಕ್ಷನ್ 18 ಕೂಡ ಒಪ್ಪಂದದಲ್ಲಿ ಬರೆದ ದಿನಾಂಕವನ್ನೇ ಆಧಾರವಾಗಿ ಹಿಡಿಯುತ್ತದೆ. ಹೀಗಾಗಿ ದಿನ, ತಿಂಗಳು, ವರ್ಷ ಮೂರೂ ಇರುವ ದಿನಾಂಕವನ್ನೇ ಬರೆಸಬೇಕು. ಅದನ್ನು ರೇರಾ ತಾಣದಲ್ಲಿ ಬಿಲ್ಡರ್ ಘೋಷಿಸಿಕೊಂಡ ದಿನಾಂಕದೊಂದಿಗೆ ಹೋಲಿಸಬೇಕು. ಮಾರಾಟದವರು ಬಾಯಿಮಾತಿನಲ್ಲಿ ಹೇಳಿದ ದಿನಾಂಕ ಒಂದು, ಒಪ್ಪಂದದ್ದು ಇನ್ನೊಂದು, ಪ್ರಾಧಿಕಾರಕ್ಕೆ ಹೇಳಿದ್ದು ಮತ್ತೊಂದು ಆಗಿರುವುದು ಅಪರೂಪವೇನಲ್ಲ. ಪ್ರಾಧಿಕಾರದಿಂದ ಯೋಜನೆಯ ಅವಧಿ ವಿಸ್ತರಣೆಯಾದರೆ ಒಪ್ಪಂದದ ದಿನಾಂಕವೂ ತಾನಾಗಿ ಮುಂದೆ ಹೋಗುತ್ತದೆಂಬ ಸಾಲಿದ್ದರೆ ಅದನ್ನು ತೆಗೆಸಬೇಕು.

ಎರಡನೆಯದು ಗ್ರೇಸ್ ಅವಧಿ. ಕೈಮೀರಿದ ಕಾರಣಗಳಿಗೆ ಬೇರೆಯೇ ರಿಯಾಯಿತಿ ಇರುವಾಗ ಅದರ ಮೇಲೆ ಯಾವ ಕಾರಣವೂ ಬೇಕಿಲ್ಲದ ಆರು ತಿಂಗಳು ಏಕೆ ಎಂದು ನೇರವಾಗಿ ಕೇಳಬಹುದು. ಬಿಲ್ಡರ್ ಇದನ್ನು ಪೂರ್ತಿ ಬಿಟ್ಟುಕೊಡುವುದು ಕಡಿಮೆ. ಮೂರು ತಿಂಗಳಿಗೆ ಇಳಿಸಲು ಒಪ್ಪಿದರೂ ಲಾಭವೇ. ಅದರ ಹಣದ ಲೆಕ್ಕವನ್ನು ಮುಂದೆ ಕೊಟ್ಟಿದ್ದೇನೆ.

ಮೂರನೆಯದು ಫೋರ್ಸ್ ಮೆಜ್ಯೂರ್ ಎಂದು ಕರೆಯುವ ಕೈಮೀರಿದ ಕಾರಣಗಳ ಪಟ್ಟಿ. ರೇರಾ ಕಾಯ್ದೆಯ ಸೆಕ್ಷನ್ 6ರಲ್ಲಿ ಈ ಪಟ್ಟಿ ಚಿಕ್ಕದು: ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ ಅಥವಾ ನಿಸರ್ಗದಿಂದ ಉಂಟಾಗುವ ಇತರ ವಿಪತ್ತು. ಬಿಲ್ಡರ್ ಕರಡಿನಲ್ಲಿ ಇದು ಬೆಳೆದು ಮರಳು, ಸಿಮೆಂಟ್, ಕಾರ್ಮಿಕರ ಕೊರತೆ, ಗುತ್ತಿಗೆದಾರರ ವಿವಾದ, ನೀರು ಮತ್ತು ವಿದ್ಯುತ್ ಸಂಪರ್ಕದ ವಿಳಂಬ, ಸರ್ಕಾರಿ ಅನುಮೋದನೆಯ ವಿಳಂಬ, ನ್ಯಾಯಾಲಯದ ತಡೆಯಾಜ್ಞೆ ಎಂದು ಅರ್ಧ ಪುಟ ತುಂಬುತ್ತದೆ. ಇವುಗಳಲ್ಲಿ ಹೆಚ್ಚಿನವು ಬಿಲ್ಡರ್ ವೃತ್ತಿಯ ದಿನನಿತ್ಯದ ಅಪಾಯಗಳು. ಅವುಗಳಿಗೂ ಸೇರಿಸಿಯೇ ಆತ ಬೆಲೆ ಹೇಳಿರುತ್ತಾನೆ. ಪಟ್ಟಿಯನ್ನು ಕಾಯ್ದೆಯ ಮಾತುಗಳಿಗೇ ಸೀಮಿತಗೊಳಿಸಲು ಕೇಳಬೇಕು. ಅದಕ್ಕೆ ಒಪ್ಪದಿದ್ದರೆ, ಬಿಲ್ಡರ್‌ನ ಸ್ವಂತ ತಪ್ಪಿನಿಂದಾದ ಅನುಮೋದನೆಯ ವಿಳಂಬ ಮತ್ತು ತಡೆಯಾಜ್ಞೆಗಳನ್ನು ಹೊರಗಿಡಬೇಕೆಂದು, ಅಂಥ ಕಾರಣ ಒದಗಿದಾಗ ಇಷ್ಟು ದಿನದೊಳಗೆ ಖರೀದಿದಾರರಿಗೆ ಲಿಖಿತವಾಗಿ ತಿಳಿಸಬೇಕೆಂದು ಸೇರಿಸುವಂತೆ ಒತ್ತಾಯಿಸಬಹುದು. ಆಗಲೇ ತಿಳಿಸದೆ ಮೂರು ವರ್ಷಗಳ ನಂತರ ನೆಪ ಹೇಳಲು ಆಗ ಆಸ್ಪದವಿರುವುದಿಲ್ಲ.

ನಾಲ್ಕನೆಯದು "ಎಲ್ಲ ಕಂತುಗಳನ್ನು ಸಕಾಲದಲ್ಲಿ ಪಾವತಿಸಿದ್ದರೆ" ಎಂಬ ಮಾತು. ಬ್ಯಾಂಕ್ ಸಾಲದ ಒಂದು ಕಂತು ಒಂಬತ್ತು ದಿನ ತಡವಾಗಿ ಬಿಡುಗಡೆಯಾಯಿತೆಂಬ ಕಾರಣಕ್ಕೆ ಎರಡು ವರ್ಷದ ವಿಳಂಬದ ಪರಿಹಾರವನ್ನೇ ನಿರಾಕರಿಸಲು ಈ ಮಾತು ಬಳಕೆಯಾಗುತ್ತದೆ. ತಡವಾದ ಕಂತಿಗೆ ಬಡ್ಡಿ ಕಟ್ಟಿದ್ದರೆ ಅದನ್ನು ತಪ್ಪೆಂದು ಪರಿಗಣಿಸಬಾರದೆಂದು ಸೇರಿಸಿದರೆ ಸಾಕು. ಇದಕ್ಕೆ ಬಿಲ್ಡರ್‌ಗಳು ಸಾಮಾನ್ಯವಾಗಿ ಹೆಚ್ಚು ವಿರೋಧಿಸುವುದಿಲ್ಲ.

ಇವೆಲ್ಲದರ ಜೊತೆಗೆ, ಸ್ವಾಧೀನ ಎಂದರೆ ಏನೆಂದು ಒಪ್ಪಂದ ಹೇಗೆ ವ್ಯಾಖ್ಯಾನಿಸಿದೆಯೆಂದು ನೋಡಬೇಕು. ಕೆಲವು ಕರಡುಗಳು ವಾಸ್ತುಶಿಲ್ಪಿ ಕಟ್ಟಡ ಮುಗಿದಿದೆಯೆಂದು ಪ್ರಮಾಣಪತ್ರ ಕೊಟ್ಟ ದಿನವನ್ನೋ, ಓಸಿಗೆ ಅರ್ಜಿ ಸಲ್ಲಿಸಿದ ದಿನವನ್ನೋ, ಒಳಾಂಗಣ ಕೆಲಸಕ್ಕೆ ಕೀಲಿಕೈ ಕೊಟ್ಟ ದಿನವನ್ನೋ ಸ್ವಾಧೀನದ ದಿನವೆಂದು ಹೇಳುತ್ತವೆ. ಓಸಿ, ಅಂದರೆ ಸ್ವಾಧೀನಾನುಭವ ಪ್ರಮಾಣಪತ್ರ, ಸಿಕ್ಕಿದ ಮೇಲೆ ಎರಡು ತಿಂಗಳೊಳಗೆ ಖರೀದಿದಾರ ಸ್ವಾಧೀನ ಪಡೆಯಬೇಕೆಂದು ಸೆಕ್ಷನ್ 19 ಹೇಳುತ್ತದೆ. ಅದಕ್ಕೆ ಮೊದಲು ಪಡೆಯಬೇಕೆಂಬ ಹೊಣೆ ಇಲ್ಲ. ಓಸಿ ಇಲ್ಲದ ಕಟ್ಟಡಕ್ಕೆ ಖಾಯಂ ವಿದ್ಯುತ್ ಮತ್ತು ನೀರಿನ ಸಂಪರ್ಕ ಪಡೆಯುವುದು ಎಷ್ಟು ಕಷ್ಟವೆಂದು ಬೆಂಗಳೂರಿನ ಅನೇಕ ಅಪಾರ್ಟ್‌ಮೆಂಟ್ ನಿವಾಸಿಗಳು ಬಲ್ಲರು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಇಂಥ ಪ್ರಮಾಣಪತ್ರವನ್ನು ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ನಿರ್ದೇಶನ ನೀಡಿದೆ.

ಹೀಗೆ ತಿದ್ದಿದ ಷರತ್ತು ಸುಮಾರಾಗಿ ಹೀಗಿರಬೇಕು, ಒಪ್ಪಂದದ ಭಾಷೆ ಇಂಗ್ಲಿಷ್ ಆಗಿದ್ದರೆ ವಕೀಲರಿಂದ ಇದೇ ಅರ್ಥ ಬರುವಂತೆ ಬರೆಸಿಕೊಳ್ಳಬಹುದು: "ಬಿಲ್ಡರ್ ಸಕ್ಷಮ ಪ್ರಾಧಿಕಾರದಿಂದ ಓಸಿ ಪಡೆದು, 2027ರ ಡಿಸೆಂಬರ್ 31ರಂದು ಅಥವಾ ಅದಕ್ಕೆ ಮೊದಲು ಫ್ಲ್ಯಾಟಿನ ಸ್ವಾಧೀನವನ್ನು ನೀಡತಕ್ಕದ್ದು. ಕಾಯ್ದೆಯ ಸೆಕ್ಷನ್ 6ರಲ್ಲಿ ಹೇಳಿದ ಕಾರಣಗಳಿಂದ ಮಾತ್ರ ಈ ದಿನಾಂಕವನ್ನು ವಿಸ್ತರಿಸಬಹುದು; ಅಂಥ ಕಾರಣ ಒದಗಿದ 15 ದಿನಗಳೊಳಗೆ ಅದನ್ನು ಖರೀದಿದಾರರಿಗೆ ಲಿಖಿತವಾಗಿ ತಿಳಿಸತಕ್ಕದ್ದು."

ವಿಳಂಬಕ್ಕೆ ಎಷ್ಟು? ಲೆಕ್ಕ ಹಾಕಿ ನೋಡಿದರೆ ಮಾತ್ರ ತಿಳಿಯುತ್ತದೆ

ವಿಳಂಬವಾದರೆ ತಿಂಗಳಿಗೆ ಚದರಡಿಗೆ 5 ರೂಪಾಯಿ ಪರಿಹಾರ ಎಂಬ ಸಾಲು ಹಳೆಯ ಒಪ್ಪಂದಗಳಲ್ಲಿ ಸಾಮಾನ್ಯವಾಗಿತ್ತು. ಅದರ ಬೇರೆ ಬೇರೆ ರೂಪಗಳು ಈಗಲೂ ಕಾಣಿಸಿಕೊಳ್ಳುತ್ತವೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಫ್ಲ್ಯಾಟಿನ ಬೆಲೆ 80 ಲಕ್ಷ ರೂಪಾಯಿ, ಸೂಪರ್ ಬಿಲ್ಟ್‌ಅಪ್ 1,100 ಚದರಡಿ. ಸ್ವಾಧೀನದ ದಿನಾಂಕ 2027ರ ಡಿಸೆಂಬರ್ 31, ಮೇಲೆ ಆರು ತಿಂಗಳ ಗ್ರೇಸ್. ಅಷ್ಟರೊಳಗೆ ಖರೀದಿದಾರರು 72 ಲಕ್ಷ ಕಟ್ಟಿದ್ದಾರೆ. ಓಸಿ ಬಂದದ್ದು 2029ರ ಆಗಸ್ಟ್ ಕೊನೆಗೆ.

ಬಿಲ್ಡರ್ ಕರಡಿನ ಪ್ರಕಾರ ವಿಳಂಬ ಗ್ರೇಸ್ ಮುಗಿದ ಮೇಲಿನ 14 ತಿಂಗಳು. ತಿಂಗಳಿಗೆ 5,500 ರೂಪಾಯಿಯಂತೆ ಸಿಗುವುದು 77,000 ರೂಪಾಯಿ. ಕರ್ನಾಟಕದ ನಿಯಮಗಳ ಪ್ರಕಾರವಾದರೆ ಬಡ್ಡಿಯ ದರ ಸ್ಟೇಟ್ ಬ್ಯಾಂಕ್ ಸಾಲಗಳಿಗೆ ಆಧಾರವಾಗಿ ಇಟ್ಟುಕೊಳ್ಳುವ ಎಂಸಿಎಲ್‌ಆರ್ ಎಂಬ ದರಗಳಲ್ಲಿ ಅತಿ ಹೆಚ್ಚಿನದರ ಮೇಲೆ ಶೇ 2. ಈ ದರ ಬದಲಾಗುತ್ತಿರುತ್ತದೆ; ಲೆಕ್ಕ ಸುಲಭವಾಗಲೆಂದು ಒಟ್ಟು ಶೇ 11 ಎಂದಿಟ್ಟುಕೊಂಡರೆ, 72 ಲಕ್ಷಕ್ಕೆ ತಿಂಗಳಿಗೆ 66,000 ರೂಪಾಯಿ ಬಡ್ಡಿಯಾಗುತ್ತದೆ. 14 ತಿಂಗಳಿಗೆ 9.24 ಲಕ್ಷ. ಗ್ರೇಸ್ ಅವಧಿಯೇ ಇರದಿದ್ದರೆ 20 ತಿಂಗಳಿಗೆ 13.2 ಲಕ್ಷ. ಅಂದರೆ ಯಾರೂ ಗಮನಿಸದ ಆ "ಆರು ತಿಂಗಳು" ಎಂಬ ಎರಡು ಪದಗಳ ಬೆಲೆಯೇ ಸುಮಾರು 4 ಲಕ್ಷ.

ಸೆಕ್ಷನ್ 18 ಖರೀದಿದಾರರಿಗೆ ಎರಡು ದಾರಿ ಕೊಡುತ್ತದೆ: ಯೋಜನೆಯಿಂದ ಹೊರಬಂದು ಕಟ್ಟಿದ ಹಣವನ್ನು ಬಡ್ಡಿಸಮೇತ ಮರಳಿ ಪಡೆಯುವುದು, ಇಲ್ಲವೇ ಉಳಿದುಕೊಂಡು ಸ್ವಾಧೀನ ಸಿಗುವವರೆಗೆ ಪ್ರತಿ ತಿಂಗಳ ವಿಳಂಬಕ್ಕೆ ಬಡ್ಡಿ ಪಡೆಯುವುದು. ಆಯ್ಕೆ ಖರೀದಿದಾರರದು. ಹೀಗೆ ಹಣ ಮರಳಿ ಪಡೆಯುವುದು ಷರತ್ತಿಲ್ಲದ ಹಕ್ಕೆಂದು ಸುಪ್ರೀಂ ಕೋರ್ಟ್ 2021ರ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೂ "ದಿನಾಂಕ ಮುಗಿದು ಹನ್ನೆರಡು ತಿಂಗಳಾಗುವವರೆಗೆ ಖರೀದಿದಾರರು ರದ್ದುಪಡಿಸುವಂತಿಲ್ಲ", "ಈ ಪರಿಹಾರವೇ ಅಂತಿಮ, ಬೇರೆ ಯಾವ ಬೇಡಿಕೆಯನ್ನೂ ಸಲ್ಲಿಸುವಂತಿಲ್ಲ" ಎಂಬ ಸಾಲುಗಳು ಕರಡಿನೊಳಗೆ ನುಸುಳುತ್ತವೆ. ಅವನ್ನು ಹೊಡೆದುಹಾಕಿ "ಕಾಯ್ದೆಯ ಸೆಕ್ಷನ್ 18 ಮತ್ತು ನಿಯಮಗಳಂತೆ" ಎಂದು ಬರೆಸುವುದೇ ಸರಳ ಪರಿಹಾರ.

ಕಾಯ್ದೆ ಹೇಗೂ ರಕ್ಷಿಸುತ್ತದೆಯಲ್ಲ, ಕೆಟ್ಟ ಷರತ್ತಿದ್ದರೆ ಏನಾಯಿತು ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಬೆಂಗಳೂರಿನದೇ ಉದಾಹರಣೆಯಿದೆ. ಬೇಗೂರಿನ ಡಿಎಲ್‌ಎಫ್ ಸದರ್ನ್ ಹೋಮ್ಸ್ ಯೋಜನೆಯ ಒಪ್ಪಂದದಲ್ಲಿ ಇದ್ದದ್ದು ಇದೇ ಚದರಡಿಗೆ 5 ರೂಪಾಯಿಯ ಷರತ್ತು. ಅದು ಏಕಪಕ್ಷೀಯವೆಂದೂ, ಅದಕ್ಕಿಂತ ಹೆಚ್ಚು ಪಡೆಯಲು ಖರೀದಿದಾರರು ಅರ್ಹರೆಂದೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿ, ಆ ಮೊತ್ತದ ಜೊತೆಗೆ, ಅವರು ಕಟ್ಟಿದ ಹಣಕ್ಕೆ ವರ್ಷಕ್ಕೆ ಶೇ 6ರ ಸರಳ ಬಡ್ಡಿಯನ್ನೂ ಕೊಡಿಸಿತು. ಖರೀದಿದಾರರು ಗೆದ್ದರು, ನಿಜ. ಆದರೆ ಗೆಲ್ಲಲು ರಾಷ್ಟ್ರೀಯ ಗ್ರಾಹಕ ಆಯೋಗವನ್ನು ದಾಟಿ ದೆಹಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಷರತ್ತು ಮೊದಲೇ ಸರಿಯಿದ್ದರೆ ಉಳಿಯುವುದು ಆ ವರ್ಷಗಳು.

ಇದರ ಇನ್ನೊಂದು ಮುಖ, ಖರೀದಿದಾರರ ಕಂತು ತಡವಾದಾಗ ಬಿಲ್ಡರ್ ಹಾಕುವ ಬಡ್ಡಿ. ಗುರುಗ್ರಾಮದ ಪಯೋನೀರ್ ಅರ್ಬನ್ ಪ್ರಕರಣದ ಒಪ್ಪಂದದಲ್ಲಿ ಖರೀದಿದಾರರ ತಡಕ್ಕೆ ಶೇ 18, ಬಿಲ್ಡರ್ ತಡಕ್ಕೆ ಶೇ 9 ಎಂದಿತ್ತು. ಅಂಥ ಏಕಪಕ್ಷೀಯ ಷರತ್ತು ಅನುಚಿತ ವ್ಯಾಪಾರ ಪದ್ಧತಿಯೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರೇರಾ ಕಾಯ್ದೆಯ ವ್ಯಾಖ್ಯಾನದಲ್ಲೇ ಎರಡೂ ಕಡೆಗೆ ಬಡ್ಡಿ ದರ ಸಮಾನವಾಗಿರಬೇಕೆಂದಿದೆ. ಕರಡಿನಲ್ಲಿ ಬಡ್ಡಿ ಎಂಬ ಪದ ಬರುವ ಪ್ರತಿಯೊಂದು ಜಾಗವನ್ನೂ ಹುಡುಕಿ, ದರಗಳನ್ನು ಅಕ್ಕಪಕ್ಕ ಬರೆದುಕೊಂಡರೆ ಹತ್ತು ನಿಮಿಷದಲ್ಲಿ ವ್ಯತ್ಯಾಸ ಬಯಲಾಗುತ್ತದೆ.

ಕಂತುಗಳ ಪಟ್ಟಿ

ನಿರ್ಮಾಣದ ಹಂತಕ್ಕೆ ತಕ್ಕಂತೆ ಪಾವತಿ ಎಂದು ಹೇಳಿದರೂ, ಪಟ್ಟಿಯನ್ನು ಮುಂಭಾರವಾಗಿ ಮಾಡಿರುತ್ತಾರೆ. ನಮ್ಮ ಉದಾಹರಣೆಯಲ್ಲಿ ಬುಕಿಂಗ್‌ಗೆ ಶೇ 10, ಒಪ್ಪಂದದ ದಿನ ಶೇ 20, ಪಾಯ ಅಗೆಯಲು ಆರಂಭಿಸಿದಾಗ ಶೇ 15, ಪ್ಲಿಂತ್ ಹಂತಕ್ಕೆ ಶೇ 10 ಎಂದಿದೆಯೆನ್ನಿ. ಕಟ್ಟಡ ನೆಲದಿಂದ ಮೇಲೇಳುವ ಮೊದಲೇ 80 ಲಕ್ಷದಲ್ಲಿ 44 ಲಕ್ಷ ಬಿಲ್ಡರ್ ಕೈ ಸೇರಿರುತ್ತದೆ. ಆಮೇಲೆ ಕೆಲಸ ನಿಧಾನವಾದರೆ ಖರೀದಿದಾರರ ಕೈಯಲ್ಲಿ ಒತ್ತಡ ಹೇರಲು ಉಳಿಯುವುದು ಕಡಿಮೆ.

ಇಲ್ಲಿ ಮೂರು ಮಾತು ಕೇಳಬಹುದು. ಕಂತು ಬಾಕಿಯಾಗುವುದು ಹಂತ "ಆರಂಭವಾದಾಗ" ಅಲ್ಲ, "ಮುಗಿದಾಗ" ಎಂದಾಗಬೇಕು. ಪ್ರತಿ ಬೇಡಿಕೆ ಪತ್ರದ ಜೊತೆ ಆ ಹಂತ ಮುಗಿದಿದೆಯೆಂಬ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಪ್ರಮಾಣಪತ್ರ ಇರಬೇಕು. ಬೆಲೆಯ ಶೇ 5ರಿಂದ 10ರಷ್ಟಾದರೂ ಓಸಿ ಬಂದ ನಂತರವೇ ಕಟ್ಟುವಂತಿರಬೇಕು. ಮೂರರಲ್ಲಿ ಕೊನೆಯದೇ ಮುಖ್ಯ. ಓಸಿ ತರುವ ಕೆಲಸವನ್ನು ಬಿಲ್ಡರ್ ಚುರುಕಾಗಿ ಮಾಡುವುದು ಹಣ ಅದಕ್ಕೆ ಕಟ್ಟಿಬಿದ್ದಿರುವಾಗ. ಸಾಲ ಕೊಡುವ ಬ್ಯಾಂಕ್ ಕೂಡ ಕಟ್ಟಡದ ಹಂತ ನೋಡಿಯೇ ಹಣ ಬಿಡುಗಡೆ ಮಾಡುವುದರಿಂದ, ಬ್ಯಾಂಕಿನ ಕ್ರಮಕ್ಕೆ ಪಟ್ಟಿ ಹೊಂದುತ್ತದೆಯೇ ಎಂದು ಸಾಲದ ಅಧಿಕಾರಿಯನ್ನು ಮೊದಲೇ ಕೇಳಬೇಕು. ಹೊಂದದಿದ್ದರೆ ಆ ವ್ಯತ್ಯಾಸದ ಹಣವನ್ನು ಕೈಯಿಂದ ಹಾಕಬೇಕಾಗುತ್ತದೆ, ಇಲ್ಲವೇ ತಡಕ್ಕೆ ಬಡ್ಡಿ ಕಟ್ಟಬೇಕಾಗುತ್ತದೆ.

ಬೆಲೆಯ ಹೊರಗಿನ ಶುಲ್ಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಸ್ಕಾಂ ಮತ್ತು ಜಲಮಂಡಳಿ ಠೇವಣಿ, ಕಾನೂನು ಶುಲ್ಕ, ಕಾರ್ಪಸ್ ನಿಧಿ, ಮುಂಗಡ ನಿರ್ವಹಣಾ ವೆಚ್ಚ ಎಲ್ಲಕ್ಕೂ "ವಾಸ್ತವ ವೆಚ್ಚದಂತೆ" ಎನ್ನುವ ಬದಲು ಮೊತ್ತವನ್ನೋ ಗರಿಷ್ಠ ಮಿತಿಯನ್ನೋ ಬರೆಸಬೇಕು. ಕಟ್ಟಡ ಸಾಮಗ್ರಿಯ ಬೆಲೆ ಏರಿದರೆ ಫ್ಲ್ಯಾಟಿನ ಬೆಲೆಯನ್ನೂ ಏರಿಸುವ ಷರತ್ತು ಇರಲೇಬಾರದು.

ಹಿಂದೆ ಸರಿದರೆ ಎಷ್ಟು ಕಳೆದುಕೊಳ್ಳಬೇಕು

ಕೆಲಸ ಹೋಗುವುದು, ಸಾಲ ಮಂಜೂರಾಗದಿರುವುದು, ಮನೆಯಲ್ಲಿ ದೊಡ್ಡ ಖರ್ಚು ಬರುವುದು ಯಾರಿಗೂ ಆಗಬಹುದು. ಆದ್ದರಿಂದ ರದ್ದತಿಯ ಷರತ್ತನ್ನು ತನಗೆ ಸಂಬಂಧವಿಲ್ಲದ್ದೆಂದು ದಾಟಿ ಹೋಗಬಾರದು. ಕರಡಿನಲ್ಲಿ ಮುಂಗಡ ಠೇವಣಿ ಎಂದರೆ ಒಟ್ಟು ಬೆಲೆಯ ಶೇ 20 ಎಂದು ಎಲ್ಲೋ ಆರಂಭದ ವ್ಯಾಖ್ಯಾನಗಳಲ್ಲಿ ಹೇಳಿ, ಮೂವತ್ತು ಪುಟಗಳ ನಂತರ ರದ್ದಾದರೆ ಮುಂಗಡ ಠೇವಣಿ, ಜಿಎಸ್‌ಟಿ ಮತ್ತು ದಲ್ಲಾಳಿ ಕಮಿಷನ್ ಮುಟ್ಟುಗೋಲಾಗುತ್ತದೆಂದು ಬರೆದಿರುತ್ತಾರೆ. ಎರಡು ಜಾಗಗಳನ್ನೂ ಒಟ್ಟಿಗೆ ಓದಿದರೆ ಮಾತ್ರ ಮೊತ್ತ ತಿಳಿಯುತ್ತದೆ.

ಮೇಲಿನ ಉದಾಹರಣೆಯಲ್ಲೇ, 24 ಲಕ್ಷ ಕಟ್ಟಿದ ಮೇಲೆ ಖರೀದಿದಾರರು ರದ್ದುಪಡಿಸಿದರೆನ್ನಿ. ಬೆಲೆಯ ಶೇ 20 ಅಂದರೆ 16 ಲಕ್ಷ, ಕಟ್ಟಿದ ಹಣದ ಮೇಲಿನ ಶೇ 5ರ ಜಿಎಸ್‌ಟಿ 1.2 ಲಕ್ಷ, ಕಮಿಷನ್ ಶೇ 2ರಂತೆ 1.6 ಲಕ್ಷ. ಜಿಎಸ್‌ಟಿ ಸೇರಿ ಅವರು ಕೊಟ್ಟದ್ದು 25.2 ಲಕ್ಷ, ಮರಳಿ ಬರುವುದು 6.4 ಲಕ್ಷ. ಅದೂ "ಫ್ಲ್ಯಾಟ್ ಬೇರೆಯವರಿಗೆ ಮಾರಾಟವಾದ ನಂತರ". ಕಡಿತವನ್ನು ಶೇ 10ಕ್ಕೆ ಮಿತಿಗೊಳಿಸಿ ಕಮಿಷನ್ ಕೈಬಿಟ್ಟರೆ, ಜಿಎಸ್‌ಟಿ ಹೊರತುಪಡಿಸಿಯೂ 16 ಲಕ್ಷ ಮರಳುತ್ತದೆ.

ಶೇ 10 ಎಂಬುದು ಗಾಳಿಯಲ್ಲಿ ಹೇಳಿದ ಅಂಕಿಯಲ್ಲ. 2025ರ ಫೆಬ್ರುವರಿಯಲ್ಲಿ ಗೋದ್ರೆಜ್ ಪ್ರಾಜೆಕ್ಟ್ಸ್ ಪ್ರಕರಣದಲ್ಲಿ, ಶೇ 20ರ ಮುಟ್ಟುಗೋಲಿನ ಷರತ್ತನ್ನು ಜಾರಿಗೊಳಿಸದೆ ಮೂಲ ಬೆಲೆಯ ಶೇ 10ಕ್ಕೆ ಕಡಿತವನ್ನು ಸೀಮಿತಗೊಳಿಸಿದ್ದ ಗ್ರಾಹಕ ಆಯೋಗದ ನಿಲುವನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಆ ತೀರ್ಪಿನ ಹೆಸರನ್ನು ಪತ್ರದಲ್ಲಿ ಉಲ್ಲೇಖಿಸಿದರೆ ಬಿಲ್ಡರ್‌ನ ಕಾನೂನು ವಿಭಾಗಕ್ಕೆ ಅರ್ಥವಾಗುತ್ತದೆ. ಬಾಕಿ ಹಣ ಮರಳಿಸಲು ದಿನಗಳ ಲೆಕ್ಕದಲ್ಲಿ ಗಡುವು ಬರೆಸಬೇಕು; ಫ್ಲ್ಯಾಟ್ ಮರುಮಾರಾಟವಾಗುವುದಕ್ಕೆ ಅದನ್ನು ತಳುಕು ಹಾಕಲು ಬಿಡಬಾರದು. ಜಮೀನಿನ ದಾಖಲೆ ಅಥವಾ ಅನುಮೋದನೆಯ ದೋಷದಿಂದ ಬ್ಯಾಂಕ್ ಸಾಲ ನಿರಾಕರಿಸಿದರೆ ಯಾವ ಕಡಿತವೂ ಇಲ್ಲದೆ ಪೂರ್ತಿ ಹಣ ಮರಳಬೇಕೆಂದು ಒಂದು ಸಾಲು ಸೇರಿಸಲು ಕೇಳುವುದು ನ್ಯಾಯವಾದದ್ದೇ, ಏಕೆಂದರೆ ಆ ದೋಷ ಖರೀದಿದಾರರದಲ್ಲ. ಜಿಎಸ್‌ಟಿಯ ವಿಷಯದಲ್ಲಿ, ಒಪ್ಪಂದ ರದ್ದಾದಾಗ ನೋಂದಾಯಿತರಲ್ಲದ ಖರೀದಿದಾರರೂ ಮರುಪಾವತಿಗೆ ಅರ್ಜಿ ಹಾಕಲು 2022ರ ಡಿಸೆಂಬರ್‌ನ ಸುತ್ತೋಲೆಯಿಂದ ದಾರಿಯಾಗಿದೆ. ಅದಕ್ಕೆ ಬೇಕಾದ ದಾಖಲೆಗಳನ್ನು ಬಿಲ್ಡರ್ ಒದಗಿಸಬೇಕೆಂದು ಸೇರಿಸಬಹುದು.

ಮುಂಚಿತ ಒಪ್ಪಿಗೆಯ ಸಾಲು

"ನಕ್ಷೆಯಲ್ಲಿ ಬಿಲ್ಡರ್ ಮಾಡುವ ಯಾವುದೇ ಬದಲಾವಣೆಗೆ ಖರೀದಿದಾರರು ಹಿಂಪಡೆಯಲಾಗದ ಒಪ್ಪಿಗೆಯನ್ನು ಈ ಮೂಲಕ ನೀಡಿದ್ದಾರೆ." ಒಂದೇ ವಾಕ್ಯವಾದರೂ ಇದು ಸೆಕ್ಷನ್ 14ರ ರಕ್ಷಣೆಯನ್ನೇ ಬರಿದುಮಾಡಲು ಬರೆದದ್ದು. ಕಾಯ್ದೆಯ ಪ್ರಕಾರ ನಿಮ್ಮ ಫ್ಲ್ಯಾಟಿನ ನಕ್ಷೆ ಬದಲಾಯಿಸಲು ನಿಮ್ಮ ಒಪ್ಪಿಗೆ, ಕಟ್ಟಡ ಮತ್ತು ಸಾಮಾನ್ಯ ಪ್ರದೇಶಗಳನ್ನು ಬದಲಾಯಿಸಲು ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ಜಮೀನಿನ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದೆಂದು ಹೇಳುವ ಎಫ್‌ಎಆರ್ ಮಿತಿ ಮುಂದೆ ಹೆಚ್ಚಾದರೆ ಇನ್ನೆರಡು ಮಹಡಿ ಏರಿಸುವ, ಉದ್ಯಾನವೆಂದು ತೋರಿಸಿದ ಜಾಗದಲ್ಲಿ ಮುಂದಿನ ಹಂತದ ಕಟ್ಟಡ ಎಬ್ಬಿಸುವ ಸ್ವಾತಂತ್ರ್ಯವನ್ನು ಈ ಸಾಲು ಉಳಿಸಿಕೊಳ್ಳುತ್ತದೆ. ಆಗ ಜಮೀನಿನಲ್ಲಿ ನಿಮ್ಮ ಅವಿಭಾಜ್ಯ ಪಾಲೂ ಕುಗ್ಗುತ್ತದೆ. ಅವಿಭಾಜ್ಯ ಪಾಲು ಇಷ್ಟು ಚದರಡಿ ಎಂದು ಒಪ್ಪಂದದ ಷೆಡ್ಯೂಲಿನಲ್ಲಿ ಬರೆಸಿ, ಮುಂಚಿತ ಒಪ್ಪಿಗೆಯ ಸಾಲನ್ನು "ಕಾಯ್ದೆಯ ಸೆಕ್ಷನ್ 14ರಂತೆ ಪ್ರತಿ ಬಾರಿ ಪಡೆದ ಒಪ್ಪಿಗೆಯೊಂದಿಗೆ" ಎಂದು ಬದಲಾಯಿಸಲು ಕೇಳಬೇಕು.

ವಿಸ್ತೀರ್ಣದ ವಿಷಯವೂ ಇಲ್ಲಿಯೇ ಬರುತ್ತದೆ. ಒಪ್ಪಂದದಲ್ಲಿ ಕಾರ್ಪೆಟ್ ಏರಿಯಾ ಇರಲೇಬೇಕು. ಬಾಲ್ಕನಿ ಮತ್ತು ಹೊರಗೋಡೆ ಅದರಲ್ಲಿ ಸೇರುವುದಿಲ್ಲ, ಒಳಗೋಡೆಗಳು ಸೇರುತ್ತವೆ. ಕೊನೆಯಲ್ಲಿ ಅಳತೆ ಹೆಚ್ಚಾಯಿತೆಂದು ಹಣ ಕೇಳುವ ಷರತ್ತಿಗೆ ಶೇ 3ರ ಮಿತಿ ಹಾಕಿಸಿ, ಅಳತೆ ಕಡಿಮೆಯಾದರೆ ಅದೇ ದರದಲ್ಲಿ ಹಣ ಮರಳಬೇಕೆಂದು ಬರೆಸಬೇಕು. ತೆರೆದ ಪಾರ್ಕಿಂಗ್ ಜಾಗ ಕಾಯ್ದೆಯ ಪ್ರಕಾರ ಸಾಮಾನ್ಯ ಪ್ರದೇಶ; ಅದಕ್ಕೆ ಪ್ರತ್ಯೇಕ ಬೆಲೆ ಹಾಕಿದ್ದರೆ ಕಾರಣ ಕೇಳಿ.

ಕೇಳುವ ಕ್ರಮ

ಮೇಲಿನ ಎಲ್ಲವನ್ನೂ ಮಾರಾಟ ಪ್ರತಿನಿಧಿಯ ಎದುರು ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಅವರಿಗೆ ಬದಲಾಯಿಸುವ ಅಧಿಕಾರವಿರುವುದಿಲ್ಲ. ಷರತ್ತಿನ ಸಂಖ್ಯೆ, ಈಗಿನ ಒಕ್ಕಣೆ, ಬೇಕಾದ ಒಕ್ಕಣೆ, ಕಾಯ್ದೆಯ ಸೆಕ್ಷನ್ ಎಂದು ನಾಲ್ಕು ಕಾಲಂಗಳಿರುವ ಒಂದು ಪುಟವನ್ನು ತಯಾರಿಸಿ, ಕಾನೂನು ವಿಭಾಗಕ್ಕೆ ಇಮೇಲ್ ಮಾಡಲು ಕೇಳಬೇಕು. ಅದೇ ಯೋಜನೆಯಲ್ಲಿ ಕೊಳ್ಳುತ್ತಿರುವ ಇನ್ನೂ ಮೂರು ನಾಲ್ಕು ಜನ ಸಿಕ್ಕಿ ಒಟ್ಟಾಗಿ ಕೇಳಿದರೆ ಉತ್ತರ ಬೇಗ ಬರುತ್ತದೆ. ಮುಖ್ಯ ಒಪ್ಪಂದವನ್ನು ಮುಟ್ಟುವುದಿಲ್ಲ, ಬೇಕಾದರೆ ಪತ್ರ ಕೊಡುತ್ತೇವೆ ಎಂದರೆ, ಆ ಪತ್ರ ಒಪ್ಪಂದದ ಭಾಗವೆಂದೂ, ವಿರೋಧವಿದ್ದಲ್ಲಿ ಪತ್ರದ ಮಾತೇ ನಿಲ್ಲುವುದೆಂದೂ ಅದರಲ್ಲಿರಬೇಕು, ಅಧಿಕಾರವುಳ್ಳವರ ಸಹಿ ಇರಬೇಕು. ಇದನ್ನು ನೋಡದೆ ಪತ್ರ ಪಡೆದರೆ, "ಈ ಒಪ್ಪಂದಕ್ಕೆ ಮೊದಲಿನ ಎಲ್ಲ ಪತ್ರ ಮತ್ತು ಮಾತುಗಳು ರದ್ದು" ಎಂದು ಒಪ್ಪಂದದ ಕೊನೆಯಲ್ಲಿರುವ ಸಾಲು ಅದನ್ನು ನುಂಗಿಬಿಡುತ್ತದೆ. ಸಾಧ್ಯವಿದ್ದರೆ ಪತ್ರವನ್ನು ಒಪ್ಪಂದದ ಅನುಬಂಧವಾಗಿ ಸೇರಿಸಿಯೇ ನೋಂದಣಿ ಮಾಡಿಸುವುದು ಉತ್ತಮ.

ಯಾವುದನ್ನೂ ಬದಲಾಯಿಸಲು ಒಪ್ಪದಿದ್ದರೆ? ಎಲ್ಲ ಷರತ್ತುಗಳಿಗೂ ಒಂದೇ ತೂಕವಿಲ್ಲ. ಪಾರ್ಕಿಂಗ್ ಶುಲ್ಕ, ನಿರ್ವಹಣಾ ಮುಂಗಡಗಳಲ್ಲಿ ರಾಜಿಯಾಗಬಹುದು. ಮಧ್ಯಸ್ಥಿಕೆಗೇ ಹೋಗಬೇಕೆಂಬ ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ನ್ಯಾಯಾಲಯಗಳು ಹೇಳಿರುವುದರಿಂದ ಅದಕ್ಕೂ ಹೆಚ್ಚು ಹಟ ಬೇಡ. ಆದರೆ ಕ್ಯಾಲೆಂಡರ್ ದಿನಾಂಕ ಬರೆಯಲು, ಓಸಿಯನ್ನು ಸ್ವಾಧೀನಕ್ಕೆ ಜೋಡಿಸಲು, ಎರಡೂ ಕಡೆ ಒಂದೇ ಬಡ್ಡಿ ಇಡಲು ಬಿಲ್ಡರ್ ನಿರಾಕರಿಸಿದರೆ, ಆ ಯೋಜನೆಯನ್ನು ಬಿಟ್ಟು ಬೇರೆ ನೋಡುವುದೇ ಸರಿಯೆಂದು ನನ್ನ ಅಭಿಪ್ರಾಯ. ಈ ಮೂರೂ ಕಾನೂನಿನಲ್ಲಿ ಇರುವುದನ್ನೇ ಕಾಗದದ ಮೇಲೆ ಬರೆಯುವ ಮಾತುಗಳು; ಅಷ್ಟಕ್ಕೂ ಒಪ್ಪದವರು ಸಮಯಕ್ಕೆ ಸರಿಯಾಗಿ ಕಟ್ಟುವ ಯೋಚನೆಯಲ್ಲಿಲ್ಲವೆಂದೇ ತಿಳಿಯಬೇಕಾಗುತ್ತದೆ.

ಕೊನೆಗೆ ಉಪನೋಂದಣಿ ಕಚೇರಿಗೆ ಹೋಗುವ ದಿನ, ಅಂತಿಮ ಪ್ರತಿಯನ್ನು ಒಪ್ಪಿಕೊಂಡ ಕರಡಿನೊಂದಿಗೆ ಪುಟಪುಟವಾಗಿ ಹೋಲಿಸಬೇಕು. ಹಳೆಯ ಷರತ್ತು ಹಳೆಯ ರೂಪದಲ್ಲೇ ಮುದ್ರಣವಾಗಿ ಬರುವುದುಂಟು, ಅದು ಯಾವಾಗಲೂ ಉದ್ದೇಶಪೂರ್ವಕವೆಂದೇನಲ್ಲ. ಫ್ಲ್ಯಾಟಿನ ನಕ್ಷೆ, ಕಂತುಗಳ ಪಟ್ಟಿ, ಬಳಸುವ ಸಾಮಗ್ರಿಗಳ ವಿವರ ಇವೆಲ್ಲ ಷೆಡ್ಯೂಲುಗಳಾಗಿ ಹಿಂದೆ ಸೇರಿವೆಯೇ, ಎಲ್ಲಿಯಾದರೂ ಖಾಲಿ ಜಾಗ ಉಳಿದಿದೆಯೇ, ಪ್ರತಿ ಪುಟದಲ್ಲೂ ಬಿಲ್ಡರ್ ಕಡೆಯ ಸಹಿ ಇದೆಯೇ ಎಂದು ನೋಡಿ, ನೋಂದಣಿಯಾದ ಪ್ರತಿಯನ್ನು ಪಡೆದುಕೊಂಡ ಮೇಲೆಯೇ ಮುಂದಿನ ಕಂತನ್ನು ಕಟ್ಟಬೇಕು.